ವಾಶರ್ ಬದಲಿಸಿದರೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಸೀಟು ನೋಡಿ

ಪ್ರಶ್ನೆ: ನಮ್ಮದು ತುಮಕೂರು, ಬೋರ್ ನೀರು. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಇರೋ ಹಿತ್ತಾಳೆ ಬಿಬ್ ಕಾಕ್ ಎಷ್ಟು ಬಿಗಿ ಮಾಡಿದರೂ ಮೂತಿಯಿಂದ ತೊಟ್ಟಿಕ್ಕುತ್ತೆ. ಎರಡು ಸಲ ವಾಶರ್ ಹಾಕಿಸಿದೆ. ಹದಿನೈದು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಶುರು. ಪ್ಲಂಬರ್ ನಲ್ಲಿನೇ ಬದಲಾಯಿಸಿ ಅಂತಾರೆ. ಸ್ಪಿಂಡಲ್, ಸೀಟು ಸರಿ ಮಾಡಿಕೊಂಡರೆ ಸಾಕಾಗಲ್ವಾ? ನಾನೇ ಮಾಡಬಹುದಾ?

ಉತ್ತರ: ಮಾಡಬಹುದು. ಹೊಸ ವಾಶರ್ ಹದಿನೈದೇ ದಿನಕ್ಕೆ ಹೋಗುತ್ತಿದೆ ಅಂದರೆ ತೊಂದರೆ ವಾಶರ್‌ನಲ್ಲಿ ಇಲ್ಲ. ಅದು ಕೂರುವ ಜಾಗ ಕೆಟ್ಟಿರಬೇಕು, ಇಲ್ಲವೇ ಅದನ್ನು ಹಿಡಿದುಕೊಂಡಿರುವ ಭಾಗ ಬಿಗಿದುಕೊಂಡಿರಬೇಕು. ಬೋರ್ ನೀರಿರುವ ಮನೆಗಳಲ್ಲಿ ಎಷ್ಟೋ ಸಲ ಎರಡೂ ಒಟ್ಟಿಗೇ ಆಗಿರುತ್ತವೆ. ಇವೆರಡನ್ನು ನೋಡದೆ ಮತ್ತೊಂದು ವಾಶರ್ ಹಾಕಿದರೆ ಇನ್ನೊಂದು ಹದಿನೈದು ದಿನ ಸಿಗುತ್ತದೆ, ಅಷ್ಟೇ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ನಲ್ಲಿ ಪೂರ್ತಿ ತೆರೆಯಲು ಹ್ಯಾಂಡಲ್ ಎರಡು ಮೂರು ಸುತ್ತು ತಿರುಗಿಸಬೇಕಾ, ಅಥವಾ ಕಾಲು ಸುತ್ತು, ಅರ್ಧ ಸುತ್ತಿಗೇ ಪೂರ್ತಿ ನೀರು ಬರುತ್ತದಾ? ಎರಡು ಮೂರು ಸುತ್ತು ಅಂದರೆ ಒಳಗೆ ವಾಶರ್ ಇದೆ, ನಾನು ಮುಂದೆ ಹೇಳುವುದೆಲ್ಲ ಅದಕ್ಕೇ. ಕಾಲು ಸುತ್ತಿನದ್ದಾದರೆ ಒಳಗೆ ಸಾಮಾನ್ಯವಾಗಿ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಅದರಲ್ಲಿ ಈ ಥರದ ವಾಶರ್ ಇಲ್ಲ, ಆ ಸ್ಪಿಂಡಲ್ಲನ್ನೇ ಬಿಚ್ಚಿ ಅದೇ ಥರದ ಹೊಸದನ್ನು ಹಾಕಬೇಕು. ನಿಮಗೆ ವಾಶರ್ ಹಾಕಿಕೊಟ್ಟಿದ್ದಾರೆ, ಹಾಗಾಗಿ ನಿಮ್ಮದು ಹಳೆಯ ಥರದ್ದೇ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದೂ ಮುಖ್ಯ. ಮೂತಿಯಿಂದ ಬಿದ್ದರೆ ವಾಶರ್ ಮತ್ತು ಸೀಟು. ಹ್ಯಾಂಡಲ್ ಕೆಳಗೆ ಸ್ಪಿಂಡಲ್ ಕಡ್ಡಿಯ ಸುತ್ತ ಒಸರಿದರೆ ಅದು ಗ್ಲ್ಯಾಂಡ್, ಬೇರೆ ರಿಪೇರಿ. ಇನ್ನು ನಿಲ್ಲಿಸಿದ ಮೇಲೆ ಹತ್ತಿಪ್ಪತ್ತು ತೊಟ್ಟು ಬಿದ್ದು ತಾನೇ ನಿಲ್ಲುವುದು ಸೋರಿಕೆಯೇ ಅಲ್ಲ. ಮೂತಿಯೊಳಗೆ ಉಳಿದ ನೀರು ಇಳಿಯುತ್ತಿರುತ್ತದೆ. ಹಾಗಾಗಿ ಬಿಚ್ಚುವ ಮೊದಲು ನಲ್ಲಿ ನಿಲ್ಲಿಸಿ ಐದು ನಿಮಿಷ ಬಿಡಿ, ಆಮೇಲೆ ಕೆಳಗೆ ಒಂದು ಲೋಟ ಇಟ್ಟು ಒಂದು ಗಂಟೆ ಬಿಟ್ಟು ಅಳೆಯಿರಿ. 250 ಮಿ.ಲೀ. ತುಂಬಿದರೆ ದಿನಕ್ಕೆ 6 ಲೀಟರ್ ಹೋಗುತ್ತಿದೆ ಅಂತ. ಈ ಅಳತೆ ಬರೆದಿಟ್ಟುಕೊಳ್ಳಿ. ರಿಪೇರಿ ಆದ ಮೇಲೆ ಇದೇ ಲೋಟ ಇಟ್ಟು ನೋಡಿದರೆ ಕೆಲಸ ಸರಿಯಾಯಿತಾ ಇಲ್ಲವಾ ಅಂತ ಊಹೆ ಮಾಡಬೇಕಾಗಿಲ್ಲ.

ಈಗ ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. ನಲ್ಲಿಯ ಹೊಟ್ಟೆಯೊಳಗೆ ಒಂದು ಅಡ್ಡಗೋಡೆ ಇದೆ, ಅದರಲ್ಲಿ ಒಂದು ದುಂಡನೆಯ ತೂತು. ನೀರು ಈ ತೂತಿನ ಕೆಳಗಿನಿಂದ ಮೇಲೆ ಬಂದು ಮೂತಿಯ ಕಡೆ ಹೋಗುತ್ತದೆ. ತೂತಿನ ಸುತ್ತ ಸ್ವಲ್ಪ ಎದ್ದು ನಿಂತ ಹಿತ್ತಾಳೆಯ ಅಂಚು ಇರುತ್ತದೆ, ಬಳೆಯ ಆಕಾರದ್ದು. ಅದೇ ಸೀಟು. ನಮ್ಮಲ್ಲಿ ಸಿಗುವ ಸಾಮಾನ್ಯ ಬಿಬ್ ಕಾಕ್‌ಗಳಲ್ಲಿ ಸೀಟು ನಲ್ಲಿಯ ಮೈಗೇ ಸೇರಿ ಎರಕವಾಗಿ ಬಂದಿರುತ್ತದೆ, ಬೇರೆ ಭಾಗವಲ್ಲ. ಅಂದರೆ ಅದನ್ನು ಬಿಚ್ಚಿ ಹೊಸದು ಹಾಕಲು ಆಗುವುದಿಲ್ಲ, ಇದ್ದ ಕಡೆಯೇ ಹೆರೆದು ಸಮ ಮಾಡಬೇಕು.

ಸ್ಪಿಂಡಲ್ ಅಂದರೆ ಹ್ಯಾಂಡಲ್ ಕೂರುವ ಕಡ್ಡಿ. ಅದರ ಥ್ರೆಡ್ ಮೇಲೆ ಅದು ಕೆಳಗೆ ಇಳಿಯುತ್ತದೆ, ಮೇಲೆ ಏರುತ್ತದೆ. ಅದರ ತುದಿಯಲ್ಲಿ ಒಂದು ತೂತು, ಆ ತೂತಿನೊಳಗೆ ಅಣಬೆ ಆಕಾರದ ಸಣ್ಣ ಹಿತ್ತಾಳೆ ತುಂಡಿನ ಕಾಲು ಕೂರುತ್ತದೆ. ಅದಕ್ಕೆ ಜಂಪರ್ ಅನ್ನುತ್ತಾರೆ. ಜಂಪರ್‌ನ ಅಗಲ ಮುಖಕ್ಕೆ ವಾಶರ್ ಹಾಕಿ ಸಣ್ಣ ನಟ್‌ನಿಂದ ಬಿಗಿದಿರುತ್ತಾರೆ. ಹ್ಯಾಂಡಲ್ ತಿರುಗಿಸಿದಾಗ ಸ್ಪಿಂಡಲ್ ತಿರುಗುತ್ತಾ ಇಳಿದು ಜಂಪರನ್ನು ಒತ್ತುತ್ತದೆ, ವಾಶರ್ ಸೀಟಿನ ಮೇಲೆ ಕೂರುತ್ತದೆ, ನೀರು ನಿಲ್ಲುತ್ತದೆ. ಇದೆಲ್ಲವನ್ನೂ ಹಿಡಿದುಕೊಂಡು ನಲ್ಲಿಯ ಮೈಗೆ ತಿರುಪಿನಂತೆ ಕೂತಿರುವ ಆರು ಮೂಲೆಯ ಭಾಗವನ್ನು ಇಲ್ಲಿ ಹೆಡ್ ಅಂತ ಕರೆಯುತ್ತೇನೆ. ಅಂಗಡಿಯಲ್ಲಿ ಸ್ಪಿಂಡಲ್ ಕೊಡಿ ಅಂದರೆ ಈ ಹೆಡ್, ಕಡ್ಡಿ, ಜಂಪರ್, ವಾಶರ್ ಎಲ್ಲ ಸೇರಿದ ಸೆಟ್ಟನ್ನೇ ಕೊಡುತ್ತಾರೆ.

ಒಂದು ಸೂಕ್ಷ್ಮ ವಿಷಯ ಇಲ್ಲಿದೆ, ನಿಮ್ಮ ವಾಶರ್ ಬೇಗ ಹೋಗುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನ್ನ ಅನುಮಾನ. ಜಂಪರ್ ಸ್ಪಿಂಡಲ್ಲಿನ ತೂತಿನಲ್ಲಿ ಸಡಿಲವಾಗಿ, ಬೆರಳಲ್ಲಿ ತಟ್ಟಿದರೆ ಗಿರಗಿರ ತಿರುಗುವಂತೆ ಇರಬೇಕು. ಯಾಕೆ ಅಂದರೆ ವಾಶರ್ ಸೀಟನ್ನು ಮುಟ್ಟಿದ ಕ್ಷಣ ಅದು ತಿರುಗುವುದನ್ನು ನಿಲ್ಲಿಸಬೇಕು. ಆಮೇಲೆ ಸ್ಪಿಂಡಲ್ ಮಾತ್ರ ತಿರುಗುತ್ತದೆ, ವಾಶರ್ ಮೇಲೆ ಬರೀ ಒತ್ತಡ ಬೀಳುತ್ತದೆ. ಬೋರ್ ನೀರಿನ ಸುಣ್ಣ ಈ ತೂತಿನೊಳಗೆ ಕಟ್ಟಿಕೊಂಡು ಜಂಪರ್ ಸ್ಪಿಂಡಲ್ಲಿಗೆ ಬಿಗಿಯಾಗಿ ಅಂಟಿಕೊಂಡರೆ ಏನಾಗುತ್ತದೆ ನೋಡಿ. ಪ್ರತಿ ಸಲ ನಲ್ಲಿ ನಿಲ್ಲಿಸುವಾಗ ವಾಶರ್ ಸೀಟಿನ ಮೇಲೆ ಒತ್ತಿಕೊಂಡೇ ಉಜ್ಜುತ್ತದೆ. ಸೀಟಿನಲ್ಲಿ ಒಂದು ಸಣ್ಣ ಗೀರಿದ್ದರೂ ಸಾಕು, ಅದು ರಬ್ಬರನ್ನು ದುಂಡಗೆ ಕೊಯ್ದುಬಿಡುತ್ತದೆ. ವಾಶರ್ ಹಾಕುವವರು ಎಷ್ಟೋ ಸಲ ಜಂಪರನ್ನು ಹೊರಗೆ ಎಳೆಯುವುದೇ ಇಲ್ಲ, ಇದ್ದಲ್ಲೇ ಹಳೆಯ ರಬ್ಬರ್ ಕಿತ್ತು ಹೊಸದು ಕೂರಿಸಿ ಹೋಗುತ್ತಾರೆ.

ಇನ್ನು ಕೆಲಸ. ಹೊಂದಿಸಿ ಹಿಡಿಯುವ ಸ್ಪ್ಯಾನರ್ ಎರಡು, ಒಂದು ಸ್ಕ್ರೂಡ್ರೈವರ್, ಇಕ್ಕಳ, ಟಾರ್ಚ್, ಹಳೇ ಬಟ್ಟೆ, ಸ್ವಲ್ಪ ಬಿಳಿ ವಿನೆಗರ್ ಇದ್ದರೆ ಶುರು ಮಾಡಬಹುದು. ಪೈಪ್ ರೆಂಚ್ ಬೇಡ, ಅದರ ಹಲ್ಲು ಹೆಡ್‌ನ ಮೂಲೆಗಳನ್ನು ತಿಂದುಹಾಕುತ್ತದೆ. ಟ್ಯಾಂಕಿನಿಂದ ಆ ಸಾಲಿಗೆ ಬರುವ ಗೇಟ್ ವಾಲ್ವ್ ನಿಲ್ಲಿಸಿ. ಆಮೇಲೆ ಈ ನಲ್ಲಿಯನ್ನು ಪೂರ್ತಿ ತೆರೆದು ಪೈಪಿನ ನೀರೆಲ್ಲ ಇಳಿಯಲು ಬಿಡಿ. ಹಳೆಯ ಗೇಟ್ ವಾಲ್ವ್‌ಗಳು ಪೂರ್ತಿ ನಿಲ್ಲುವುದಿಲ್ಲ, ಸಣ್ಣ ಧಾರೆ ಬರುತ್ತಲೇ ಇದ್ದರೆ ಟ್ಯಾಂಕ್ ಖಾಲಿಯಾಗಿರುವ ಹೊತ್ತು ನೋಡಿ ಕೆಲಸಕ್ಕೆ ಕೂರಬೇಕಾಗುತ್ತದೆ.

ನಲ್ಲಿ ತೆರೆದೇ ಇರಲಿ, ನಿಲ್ಲಿಸಬೇಡಿ. ನಿಲ್ಲಿಸಿದ ಸ್ಥಿತಿಯಲ್ಲಿ ಹೆಡ್ ಬಿಚ್ಚಲು ಹೋದರೆ ವಾಶರ್ ಸೀಟಿಗೆ ಒತ್ತಿಕೊಂಡಿರುತ್ತದೆ, ಹೆಡ್ ಸುಮ್ನೆ ಗಟ್ಟಿಯಾಗಿ ಹಿಡಿಯುತ್ತದೆ, ಥ್ರೆಡ್‌ಗೂ ಏಟು. ಹ್ಯಾಂಡಲ್ ಮೇಲಿನ ಮುಚ್ಚಳ ಎಬ್ಬಿಸಿ, ಸ್ಕ್ರೂ ಬಿಚ್ಚಿ, ಹ್ಯಾಂಡಲ್ ಮೇಲಕ್ಕೆ ಎಳೆಯಿರಿ. ಸುಣ್ಣ ಹಿಡಿದು ಬರದಿದ್ದರೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಅತ್ತಿತ್ತ ಅಲ್ಲಾಡಿಸುತ್ತಾ ಎಳೆಯಿರಿ. ಸುತ್ತಿಗೆಯಿಂದ ಹೊಡೆಯಬೇಡಿ.

ಇಡೀ ಕೆಲಸದಲ್ಲಿ ನಿಜವಾದ ಅಪಾಯ ಇರುವುದು ಹೆಡ್ ಬಿಚ್ಚುವಾಗ. ನಲ್ಲಿ ಕೂತಿರುವುದು ಗೋಡೆಯೊಳಗಿನ ಎಲ್ಬೋಗೆ. ಇತ್ತೀಚಿನ ಮನೆಗಳಲ್ಲಿ ಅದು ಪ್ಲಾಸ್ಟಿಕ್ ಎಲ್ಬೋ, ಒಳಗೆ ಹಿತ್ತಾಳೆ ಥ್ರೆಡ್ ಕೂರಿಸಿರುತ್ತಾರೆ. ಒಂದೇ ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಹೆಡ್ ಬಿಚ್ಚುವ ಬದಲು ಇಡೀ ನಲ್ಲಿ ತಿರುಗುತ್ತದೆ, ಎಲ್ಬೋ ಬಿರುಕು ಬಿಡುತ್ತದೆ, ಆಮೇಲೆ ಗೋಡೆ ಒಡೆಯುವ ಕೆಲಸ. ಅದಕ್ಕೇ ಎರಡು ಸ್ಪ್ಯಾನರ್ ಹೇಳಿದ್ದು. ಒಂದರಿಂದ ನಲ್ಲಿಯ ಮೈಯನ್ನು ಬಟ್ಟೆ ಸುತ್ತಿ ಅಲುಗದಂತೆ ಹಿಡಿದುಕೊಳ್ಳಿ, ಇನ್ನೊಂದರಿಂದ ಹೆಡ್ಡನ್ನು ಎಡಕ್ಕೆ ತಿರುಗಿಸಿ. ಬೆಂಕಿ ತೋರಿಸಿ ಸಡಿಲ ಮಾಡುವುದು ಕಬ್ಬಿಣದ ಪೈಪಿನ ಕಾಲದ ಉಪಾಯ, ಪ್ಲಾಸ್ಟಿಕ್ ಪೈಪಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಹೆಡ್ ಕೈಗೆ ಬಂತು ಅಂದುಕೊಳ್ಳಿ. ಈಗ ಅವಸರ ಮಾಡಿ ಹಳೆಯ ವಾಶರ್ ಬಿಸಾಡಬೇಡಿ. ತೊಂದರೆ ಏನು ಅಂತ ಹೇಳುವುದೇ ಅದು. ಒರೆಸಿ ಬೆಳಕಿಗೆ ಹಿಡಿಯಿರಿ. ಅದರ ಮೇಲೆ ಸೀಟಿನ ಅಚ್ಚು ಬಿದ್ದಿರುತ್ತದೆ, ದುಂಡನೆಯ ತಗ್ಗು. ಆ ಉಂಗುರ ಸುತ್ತಲೂ ಒಂದೇ ಆಳದಲ್ಲಿ ನಯವಾಗಿದ್ದು, ರಬ್ಬರ್ ಮಾತ್ರ ಕಲ್ಲಿನಂತಾಗಿದ್ದರೆ ಸೀಟು ಚೆನ್ನಾಗಿದೆ, ವಾಶರ್‌ಗೆ ವಯಸ್ಸಾಗಿದೆ ಅಷ್ಟೇ. ಉಂಗುರದ ಒಂದು ಕಡೆ ಕೂದಲೆಳೆಯಷ್ಟು ರಬ್ಬರ್ ಮೇಲೆ ಉಬ್ಬಿ ನಿಂತಿದ್ದರೆ, ಸೀಟಿನಲ್ಲಿ ಅದೇ ಅಳತೆಯ ಕೊರಕಲು ಇದೆ ಅಂತ ಅರ್ಥ. ರಬ್ಬರ್ ಅದರೊಳಗೆ ಇಳಿದು ಅಚ್ಚು ತೆಗೆದಿದೆ. ಉಬ್ಬಿನ ಬದಲು ಸಣ್ಣ ಗುಳಿ ಇದ್ದರೆ ಅಲ್ಲಿ ಮರಳೋ ತುಕ್ಕಿನ ಚೂರೋ ಸಿಕ್ಕಿತ್ತು, ಬಹುಶಃ ಇನ್ನೂ ಸೀಟಿನ ಮೇಲೆ ಕೂತಿದೆ. ಇನ್ನು ಉಂಗುರವೇ ಇಲ್ಲದೆ ಸುತ್ತಲೂ ರಬ್ಬರ್ ಹರಿದು ಪುಡಿಯಾಗಿ, ಬೆರಳಿಗೆ ಕಪ್ಪು ಅಂಟಿದರೆ ಅದು ಜಂಪರ್ ತಿರುಗದೆ ಉಜ್ಜಿದ ಗುರುತು.

ನಿಮ್ಮ ಥರದ್ದೇ ಒಂದು ನಲ್ಲಿಯನ್ನು ಇತ್ತೀಚೆಗೆ ಬಿಚ್ಚಿದ್ದೆ, ಅದೂ ಬೋರ್ ನೀರಿನ ಮನೆ, ಅದೂ ಬಟ್ಟೆ ಕಲ್ಲಿನ ಪಕ್ಕದ್ದು. ಲೋಟದ ಅಳತೆಯಲ್ಲಿ ಗಂಟೆಗೆ 300 ಮಿ.ಲೀ., ಅಂದರೆ ದಿನಕ್ಕೆ 7 ಲೀಟರಿಗೂ ಜಾಸ್ತಿ. ಹೊಸ ವಾಶರ್ ಹಾಕಿ ತಿಂಗಳೂ ಆಗಿರಲಿಲ್ಲ, ಆದರೆ ಅಚ್ಚಿನ ಉಂಗುರ ಹರಿದಿತ್ತು, ಒಂದು ಕಡೆ ಆ ಉಬ್ಬೂ ಇತ್ತು. ಜಂಪರನ್ನು ಬೆರಳಲ್ಲಿ ತಿರುಗಿಸಿದರೆ ಅಲುಗಲಿಲ್ಲ. ಇಕ್ಕಳದಿಂದ ಹಿಡಿದು ನಿಧಾನವಾಗಿ ಅಲ್ಲಾಡಿಸುತ್ತಾ ಎಳೆದಾಗ ಕಾಲಿನ ಸುತ್ತ ಬಿಳಿ ಸುಣ್ಣದ ಪದರ, ಉಗುರಲ್ಲಿ ಕೆರೆದರೂ ಹೋಗದಷ್ಟು ಗಟ್ಟಿ. ಒಂದು ಬಟ್ಟಲು ವಿನೆಗರ್‌ನಲ್ಲಿ ಸ್ಪಿಂಡಲ್ ತುದಿಯನ್ನೂ ಜಂಪರನ್ನೂ ಮುಳುಗಿಸಿಟ್ಟೆವು, ಗುಳ್ಳೆ ಎದ್ದು ಕರಗಲು ಶುರುವಾಯಿತು. ಒಂದು ಗಂಟೆಯ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನೀರಲ್ಲಿ ತೊಳೆದು ಹಾಕಿ ನೋಡಿದರೆ ಜಂಪರ್ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಉಳಿದದ್ದು ಸೀಟು.

ಸೀಟು ನೋಡುವುದು ಹೀಗೆ. ನಲ್ಲಿಯ ಹೊಟ್ಟೆಯಲ್ಲಿ ನಿಂತಿರುವ ನೀರನ್ನು ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ, ಮೇಲಿನಿಂದ ಟಾರ್ಚ್ ಬಿಡಿ. ಒಳ್ಳೆಯ ಸೀಟು ಸುತ್ತಲೂ ಒಂದೇ ಹೊಳಪಿನ ತೆಳು ಬಳೆಯಂತೆ ಕಾಣುತ್ತದೆ. ಕೆಟ್ಟ ಸೀಟಿನಲ್ಲಿ ಆ ಹೊಳಪು ಒಂದು ಕಡೆ ತುಂಡಾಗಿರುತ್ತದೆ, ಅಲ್ಲಿ ಒಳಗಿನಿಂದ ಹೊರಕ್ಕೆ ಅಡ್ಡ ಗೆರೆ ಕಾಣುತ್ತದೆ. ಕಣ್ಣಿಗೆ ಕಾಣದಿದ್ದರೆ ಕಿರುಬೆರಳನ್ನೋ, ಊದುಬತ್ತಿ ಕಡ್ಡಿಯ ತುದಿಯನ್ನೋ ಅಂಚಿನ ಸುತ್ತ ಎಳೆಯಿರಿ, ಕೊರಕಲಿದ್ದ ಕಡೆ ಟಕ್ ಅಂತ ತಡೆಯುತ್ತದೆ.

ಈ ಕೊರಕಲು ಹುಟ್ಟುವುದು ನೀರಿನಿಂದಲೇ. ಮೊದಲು ವಾಶರ್ ಹಳತಾಗಿ ಸಣ್ಣ ಸಂದು ಬಿಡುತ್ತದೆ. ಆ ಸಂದಿನಲ್ಲಿ ನೀರು ತುಂಬಾ ವೇಗವಾಗಿ ನುಗ್ಗುತ್ತದೆ, ಜೊತೆಗೆ ಬೋರ್‌ನ ನುಣ್ಣನೆ ಮರಳೂ ಇದ್ದರೆ ಹಿತ್ತಾಳೆ ಸವೆಯುತ್ತಾ ಹೋಗುತ್ತದೆ. ಕೆರೆ ಏರಿಯಲ್ಲಿ ಬಿದ್ದ ಸಣ್ಣ ಬಿಲದಂತೆ ಇದು, ನೀರು ಹರಿದಷ್ಟೂ ದಾರಿ ದೊಡ್ಡದಾಗುತ್ತದೆ. ತೊಟ್ಟಿಕ್ಕುವ ನಲ್ಲಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ, ಕೆಲವು ರೂಪಾಯಿಯ ವಾಶರ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಸೀಟಿನವರೆಗೆ ಬಂದು ನಿಲ್ಲುವುದು ಇದರಿಂದಲೇ.

ಸೀಟಿನ ಮೇಲೆ ಬರೀ ಸುಣ್ಣ ಕಟ್ಟಿದ್ದರೆ ಸುಲಭ. ವಿನೆಗರ್‌ನಲ್ಲಿ ಅದ್ದಿದ ಹತ್ತಿಯನ್ನು ಸೀಟಿನ ಮೇಲೆ ಕೂರಿಸಿ ಒಂದು ಗಂಟೆ ಬಿಡಿ, ಮರದ ಕಡ್ಡಿಯಿಂದ ಕೆರೆಯಿರಿ, ಒರೆಸಿ. ಸ್ಕ್ರೂಡ್ರೈವರ್ ತುದಿಯಿಂದ ಕೆರೆಯಲು ಹೋಗಬೇಡಿ, ಹಿತ್ತಾಳೆ ಮೆದು, ನೀವೇ ಹೊಸ ಗೀರು ಹಾಕಿದಂತಾಗುತ್ತದೆ. ತೀರಾ ತೆಳ್ಳನೆಯ ಗೀರಿದ್ದರೆ ತೂತಿಗಿಂತ ಅಗಲವಾದ, ತುದಿ ಸಪಾಟಾಗಿ ಕೊಯ್ದ ಮರದ ಗೂಟಕ್ಕೆ 400 ನಂಬರಿನ ನೀರು ತಾಳುವ ಉಪ್ಪುಕಾಗದ ಅಂಟಿಸಿ, ನೆಟ್ಟಗೆ ಹಿಡಿದು ತಿರುಗಿಸಬಹುದು. ಆದರೆ ಇದಕ್ಕೆ ಮಿತಿ ಇದೆ. ಕೈಯಲ್ಲಿ ಹಿಡಿದದ್ದು ವಾಲುತ್ತದೆ, ವಾಲಿದರೆ ಸೀಟು ಓರೆಯಾಗುತ್ತದೆ, ಓರೆಯಾದ ಸೀಟಿನ ಮೇಲೆ ಯಾವ ವಾಶರೂ ಸಮನಾಗಿ ಕೂರುವುದಿಲ್ಲ. ಅದಕ್ಕೇ ಉಗುರಿಗೆ ತಡೆಯುವಷ್ಟು ಕೊರಕಲಿದ್ದರೆ ಉಪ್ಪುಕಾಗದ ಬಿಟ್ಟು ಸೀಟ್ ಕಟರ್ ಬಳಸಿ.

ಸೀಟ್ ಕಟರ್ ಕೈಯಲ್ಲೇ ತಿರುಗಿಸುವ ಸಣ್ಣ ಉಪಕರಣ. ಉದ್ದ ಕಡ್ಡಿ, ಮೇಲೆ ಹಿಡಿ, ಕೆಳಗೆ ಹಲ್ಲಿರುವ ಚಪ್ಪಟೆ ಬಿಲ್ಲೆ, ನಡುವೆ ಥ್ರೆಡ್ ಇರುವ ಒಂದು ಗುಬುಟು. ಆ ಗುಬುಟನ್ನು ಹೆಡ್ ಇದ್ದ ಜಾಗಕ್ಕೆ ತಿರುಪಿ ಕೂರಿಸಿದರೆ ಕಡ್ಡಿ ನೆಟ್ಟಗೆ ನಡುವಿಗೆ ನಿಲ್ಲುತ್ತದೆ, ಎಲ್ಲೂ ವಾಲುವುದಿಲ್ಲ. ಕೊಂಡುಕೊಳ್ಳುವಾಗ ಅರ್ಧ ಇಂಚು, ಅಂದರೆ 15 ಎಂ.ಎಂ. ನಲ್ಲಿಗೆ ಹೊಂದುವ ಬಿಲ್ಲೆ ಇದೆಯಾ ನೋಡಿ, ಸಾಧ್ಯವಾದರೆ ನಿಮ್ಮ ಹೆಡ್ ಜೊತೆಗೆ ಒಯ್ದು ಥ್ರೆಡ್ ಹೋಲಿಸಿ. ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನೆಯಲ್ಲಿ ಇದೇ ಥರದ ನಾಲ್ಕೈದು ನಲ್ಲಿ ಇದ್ದರೆ ಕೊಳ್ಳುವುದು ಸರಿ. ಒಂದೇ ನಲ್ಲಿಗಾದರೆ ಹೊಸ ಬಿಬ್ ಕಾಕ್‌ನ ಬೆಲೆ ಕೇಳಿಕೊಂಡು ಆಮೇಲೆ ತೀರ್ಮಾನಿಸಿ.

ಬಳಸುವಾಗ ಜೋರು ಬೇಡ. ಬಿಲ್ಲೆ ಸೀಟಿಗೆ ತಾಗುವವರೆಗೆ ಇಳಿಸಿ, ಬೆರಳಿನ ಒತ್ತಡ ಮಾತ್ರ ಕೊಟ್ಟು ಬಲಕ್ಕೆ ಎರಡು ಮೂರು ಸುತ್ತು ತಿರುಗಿಸಿ, ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ. ಮೊದಲ ಸಲ ಸೀಟಿನ ಎತ್ತರದ ಭಾಗ ಮಾತ್ರ ಹೊಳೆಯುತ್ತದೆ, ಕೊರಕಲಿನ ಜಾಗ ಕಪ್ಪಾಗಿಯೇ ಇರುತ್ತದೆ. ಮತ್ತೆ ಎರಡು ಸುತ್ತು, ಮತ್ತೆ ನೋಡಿ. ಹೊಳಪಿನ ಬಳೆ ಎಲ್ಲೂ ತುಂಡಾಗದೆ ಕೂಡಿಕೊಂಡ ತಕ್ಷಣ ನಿಲ್ಲಿಸಿ. ಇನ್ನೂ ಸ್ವಲ್ಪ ನಯವಾಗಲಿ ಅಂತ ಮುಂದುವರಿಸಬೇಡಿ. ಎದ್ದು ನಿಂತ ಅಂಚು ಎಷ್ಟಿದೆಯೋ ಅಷ್ಟೇ ಬಂಡವಾಳ. ಅದು ಸವೆದು ಅಡ್ಡಗೋಡೆಯ ಮಟ್ಟಕ್ಕೆ ಬಂದರೆ ವಾಶರ್ ಒತ್ತಿ ಹಿಡಿಯಲು ಅಂಚೇ ಉಳಿಯುವುದಿಲ್ಲ.

ನಾನು ಹೇಳಿದ ಆ ನಲ್ಲಿಯಲ್ಲಿ ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಕೊರಕಲಿತ್ತು. ಮೂರನೇ ಸಲ ಕಟರ್ ಹಾಕಿದ ಮೇಲೆ ಅಲ್ಲಿನ ಕಪ್ಪು ಗೆರೆ ಬಳೆಯ ಹೊರ ಅಂಚಿನಲ್ಲಿ ಮಾತ್ರ ಉಳಿಯಿತು, ಒಳಗಿನ ಅಂಚು ಪೂರ್ತಿ ಕೂಡಿಕೊಂಡಿತ್ತು. ಅಲ್ಲಿಗೇ ನಿಲ್ಲಿಸಿದೆವು. ಸುತ್ತಲೂ ತುಂಡಾಗದ ಒಂದು ಗೆರೆಯಷ್ಟು ಜಾಗ ವಾಶರ್‌ಗೆ ಸಿಕ್ಕರೆ ನೀರು ನಿಲ್ಲುತ್ತದೆ, ಇಡೀ ಅಗಲ ಬೇಕಿಲ್ಲ.

ಕಟರ್ ಆಡಿಸಿದ ಮೇಲೆ ಒಂದು ಕೆಲಸ ಮರೆಯಲೇಬಾರದು. ಹಿತ್ತಾಳೆ ಚೂರುಗಳು ಒಳಗೆ ಬಿದ್ದಿರುತ್ತವೆ, ಒಂದು ಚೂರು ಉಳಿದರೂ ಹೊಸ ವಾಶರ್ ಮೊದಲ ದಿನವೇ ಕೊಯ್ದುಹೋಗುತ್ತದೆ. ಹೆಡ್ ಇಲ್ಲದೆಯೇ ನಲ್ಲಿಯ ಮೇಲೆ ಬಟ್ಟೆ ಅಡ್ಡ ಹಿಡಿದು, ಒಬ್ಬರಿಗೆ ಗೇಟ್ ವಾಲ್ವ್ ಸ್ವಲ್ಪ ತೆರೆಯಲು ಹೇಳಿ. ನೀರು ಮೇಲೆ ಚಿಮ್ಮಿ ಚೂರನ್ನೆಲ್ಲ ತಂದು ಹಾಕುತ್ತದೆ. ಎರಡು ಮೂರು ಸೆಕೆಂಡ್ ಸಾಕು, ನಿಲ್ಲಿಸಿ.

ಹೊಸ ವಾಶರ್ ತರಲು ಹಳೆಯ ಜಂಪರನ್ನೇ ಅಂಗಡಿಗೆ ಒಯ್ಯಿರಿ. ಅರ್ಧ ಇಂಚು ಅಂತ ಬಾಯಲ್ಲಿ ಹೇಳಿದರೆ ಹತ್ತಿರದ್ದು ಕೊಡುತ್ತಾರೆ, ಆದರೆ ವಾಶರ್ ಜಂಪರ್‌ನ ಬಟ್ಟಲಲ್ಲಿ ಸರಿಯಾಗಿ ತುಂಬಿ ಕೂರಬೇಕು. ಚಿಕ್ಕದಾದರೆ ಒಂದು ಬದಿಗೆ ಸರಿಯುತ್ತದೆ, ದೊಡ್ಡದಾದರೆ ಅಂಚು ಮಡಚಿ ನೀರಿಗೆ ಅಡ್ಡ ಬರುತ್ತದೆ. ನಡುವಿನ ತೂತೂ ನೋಡಿ. ಗೀಸರ್ ನೀರು ಬರುವ ನಲ್ಲಿಗಾದರೆ ಬಿಸಿ ನೀರಿನದ್ದು ಅಂತಲೇ ಕೇಳಬೇಕು, ಸಾಮಾನ್ಯ ರಬ್ಬರ್ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ನಿಮ್ಮದು ತಣ್ಣೀರು, ಸಾಮಾನ್ಯದ್ದೇ ಸಾಕು. ಜಂಪರ್‌ನ ನಟ್ ಬಿಚ್ಚುವಾಗ ತುಂಡಾದರೆ ಬೇಸರ ಬೇಡ, ವಾಶರ್ ಸಮೇತ ಜಂಪರೇ ಬಿಡಿಯಾಗಿ ಸಿಗುತ್ತದೆ. ಹೊಸ ಜಂಪರ್ ತಂದರೆ ಅದರ ಕಾಲು ನಿಮ್ಮ ಸ್ಪಿಂಡಲ್ ತೂತಿನಲ್ಲಿ ಸಡಿಲವಾಗಿ ತಿರುಗುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ.

ಕೆಲವು ನಲ್ಲಿಗಳಲ್ಲಿ ಜಂಪರ್ ಬಿದ್ದುಹೋಗದಂತೆ ಸಣ್ಣ ಪಿನ್ ಹಾಕಿ ಸಿಕ್ಕಿಸಿರುತ್ತಾರೆ, ಆದರೂ ತಿರುಗುತ್ತದೆ. ಅಂಥದಕ್ಕೆ ಅಂಥದ್ದನ್ನೇ ಹಾಕಿ. ಟ್ಯಾಂಕ್ ಎತ್ತರ ಕಡಿಮೆ ಇದ್ದು ನೀರಿನ ಒತ್ತಡ ಸಾಲದ ಮನೆಯಲ್ಲಿ ಪಿನ್ ಇಲ್ಲದ ಜಂಪರ್ ಹಾಕಿದರೆ, ಸ್ಪಿಂಡಲ್ ಮೇಲೆ ಹೋದರೂ ಜಂಪರ್ ಸೀಟಿಗೇ ಅಂಟಿಕೊಂಡು ಉಳಿದು ನೀರೇ ಬಾರದೆ ಹೋಗಬಹುದು.

ಇನ್ನು ಸ್ಪಿಂಡಲ್ ಬದಲಿಸಬೇಕಾ ಅನ್ನುವುದು. ಕಡ್ಡಿಯನ್ನು ಹೆಡ್‌ನೊಳಗೆ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಲೊಡಲೊಡ ಅಂದರೆ, ಅಥವಾ ತಿರುಗಿಸುವಾಗ ಥ್ರೆಡ್ ಒಂದು ಸುತ್ತು ಜಾರಿ ಹಾರಿದರೆ ಸ್ಪಿಂಡಲ್ ಸವೆದಿದೆ. ಆಗ ಅದು ಜಂಪರನ್ನು ನೆಟ್ಟಗೆ ಒತ್ತುವುದಿಲ್ಲ, ಸೀಟು ಎಷ್ಟು ಚೆನ್ನಾಗಿದ್ದರೂ ತೊಟ್ಟಿಕ್ಕುತ್ತದೆ. ಪೂರ್ತಿ ಸೆಟ್ ತನ್ನಿ, ಆದರೆ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ. ಕಂಪನಿಯಿಂದ ಕಂಪನಿಗೆ ಹೆಡ್‌ನ ಥ್ರೆಡ್, ಕಡ್ಡಿಯ ಉದ್ದ, ಹ್ಯಾಂಡಲ್ ಕೂರುವ ಹಲ್ಲುಗಳು ಬೇರೆ ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಸ್ಪಿಂಡಲ್ ಪೂರ್ತಿ ಇಳಿಸಿದಾಗ ವಾಶರ್ ಅಷ್ಟೇ ಕೆಳಗೆ ಬರುತ್ತದಾ ನೋಡಿ. ಗಿಡ್ಡ ಇದ್ದರೆ ಸೀಟು ತಲುಪುವುದೇ ಇಲ್ಲ. ಸೀಟು ಹೆರೆದ ನಲ್ಲಿಯಲ್ಲಂತೂ ಇದನ್ನು ಗಮನಿಸಲೇಬೇಕು.

ವಾಪಸ್ ಕೂರಿಸುವಾಗ ಸ್ಪಿಂಡಲ್ಲನ್ನು ಪೂರ್ತಿ ಮೇಲಕ್ಕೆ, ತೆರೆದ ಸ್ಥಿತಿಗೆ ತಂದುಕೊಳ್ಳಿ. ಹೆಡ್ ಮತ್ತು ಮೈ ಸೇರುವ ಕಡೆ ತೆಳ್ಳನೆಯ ಫೈಬರ್ ವಾಶರ್ ಇರುತ್ತದೆ, ಹರಿದಿದ್ದರೆ ಬದಲಿಸಿ. ಮೊದಲು ಕೈಯಲ್ಲೇ ತಿರುಪಿ, ಥ್ರೆಡ್ ಸರಿಯಾಗಿ ಹಿಡಿಯಿತು ಅಂತ ಗೊತ್ತಾದ ಮೇಲೆ ಸ್ಪ್ಯಾನರ್ ಹಾಕಿ. ಇಲ್ಲಿಯೂ ಇನ್ನೊಂದು ಸ್ಪ್ಯಾನರ್‌ನಿಂದ ಮೈ ಹಿಡಿದಿರಬೇಕು. ಆಮೇಲೆ ಗೇಟ್ ವಾಲ್ವ್ ನಿಧಾನವಾಗಿ ತೆರೆಯಿರಿ, ನಲ್ಲಿ ತೆರೆದೇ ಇರಲಿ, ಗಾಳಿಯೂ ಕೆಂಪು ನೀರೂ ಹೋಗಲಿ. ನೀರು ತಿಳಿಯಾದ ಮೇಲೆ ನಿಲ್ಲಿಸಿ.

ನಿಲ್ಲಿಸಲು ಎಷ್ಟು ಬಲ ಬೇಕು ಅನ್ನುವುದನ್ನು ಮನೆಯವರಿಗೆಲ್ಲ ಹೇಳಿ. ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಬಾರ್. ಒಂದಂತಸ್ತಿನ ಮನೆಯ ಮೇಲಿನ ಟ್ಯಾಂಕಿಗೆ ಅದರ ಅರ್ಧ ಇರಬಹುದು. ಅರ್ಧ ಇಂಚಿನ ತೂತಿನ ಮೇಲೆ ಅರ್ಧ ಬಾರ್ ಅಂದರೆ ನೀರು ವಾಶರನ್ನು ಮೇಲಕ್ಕೆ ತಳ್ಳುವ ಬಲ ಒಂದು ಕೆ.ಜಿ. ಭಾರಕ್ಕೂ ಕಡಿಮೆ. ಸೀಟು ಸಮ ಇದ್ದರೆ ಎರಡು ಬೆರಳಿನಲ್ಲಿ ನಿಲ್ಲಿಸಿದರೆ ಸಾಕು. ತೊಟ್ಟಿಕ್ಕುವ ಕಾಲದಲ್ಲಿ ಜೋರಾಗಿ ತಿರುಚಿ ತಿರುಚಿ ಮನೆಯವರ ಕೈಗೆ ಅದೇ ರೂಢಿಯಾಗಿರುತ್ತದೆ, ಅದು ಮುಂದುವರಿದರೆ ಹೊಸ ವಾಶರ್ ಸೀಟಿನ ಅಂಚಿಗೆ ಕೊಯ್ದುಹೋಗುತ್ತದೆ. ಐದು ನಿಮಿಷ ಬಿಟ್ಟು ಲೋಟ ಇಡಿ, ಒಂದು ಗಂಟೆಯಲ್ಲಿ ಒಣಗಿಯೇ ಇರಬೇಕು. ಮೊದಲ ಒಂದೆರಡು ದಿನ ಆಗೊಂದು ಈಗೊಂದು ತೊಟ್ಟು ಬಿದ್ದರೆ ಗಾಬರಿ ಬೇಡ, ರಬ್ಬರ್ ಸೀಟಿಗೆ ಹೊಂದಿಕೊಳ್ಳಬೇಕು. ಆಮೇಲೂ ಬಿದ್ದರೆ ವಾಶರ್ ಬಿಚ್ಚಿ ಅಚ್ಚು ನೋಡಿ, ಎಲ್ಲಿ ತಪ್ಪಿದೆ ಅಂತ ಅದೇ ತೋರಿಸುತ್ತದೆ.

ನಿಮ್ಮ ಪ್ಲಂಬರ್ ಹೇಳಿದಂತೆ ನಲ್ಲಿಯನ್ನೇ ಬದಲಿಸಬೇಕಾದ ಸಂದರ್ಭಗಳೂ ಇವೆ. ಸೀಟಿನ ಅಂಚು ಪೂರ್ತಿ ಸವೆದು ಸಪಾಟಾಗಿದ್ದರೆ, ಕಟರ್ ಹಾಕಿದರೂ ಕೊರಕಲು ಮಾಯವಾಗದಷ್ಟು ಆಳವಿದ್ದರೆ, ಹೆಡ್ ಕೂರುವ ಥ್ರೆಡ್ ಹಾಳಾಗಿದ್ದರೆ ಬೇರೆ ದಾರಿ ಇಲ್ಲ. ಇನ್ನೊಂದು ಲಕ್ಷಣ ಬಣ್ಣ. ಸೀಟು ಹೆರೆದಾಗ ಹಳದಿ ಹೊಳಪು ಬರಬೇಕು. ಅದರ ಬದಲು ತಾಮ್ರದಂಥ ಗುಲಾಬಿ ಬಣ್ಣ ಕಂಡು, ಲೋಹ ಪುಡಿಪುಡಿಯಾಗಿ ಬಂದರೆ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿದೆ ಅಂತ. ಅಂಥ ನಲ್ಲಿಯ ಮೈಯೇ ಗಟ್ಟಿಯಿಲ್ಲ, ಅದರ ಮೇಲೆ ದುಡ್ಡೂ ಸಮಯವೂ ಹಾಕಬೇಡಿ.

ಕೊನೆಯದಾಗಿ, ಮೂತಿಯ ಸೋರಿಕೆ ನಿಂತ ಮೇಲೆ ಕೆಲವೊಮ್ಮೆ ಹ್ಯಾಂಡಲ್ ಕೆಳಗೆ ನೀರು ಒಸರಲು ಶುರುವಾಗುತ್ತದೆ. ಬಿಚ್ಚಿ ಹಾಕುವಾಗ ಗ್ಲ್ಯಾಂಡ್‌ನ ಹಳೆಯ ಪ್ಯಾಕಿಂಗ್ ಅಲುಗಿರುತ್ತದೆ, ಹಾಗಾಗಿ ನಲ್ಲಿ ತೆರೆದಾಗ ಮಾತ್ರ ಅಲ್ಲಿ ನೀರು ಕಾಣುತ್ತದೆ. ಕಡ್ಡಿಯ ಸುತ್ತ ಇರುವ ಸಣ್ಣ ಗ್ಲ್ಯಾಂಡ್ ನಟ್ಟನ್ನು ಬಲಕ್ಕೆ ಕಾಲು ಸುತ್ತು ಬಿಗಿ ಮಾಡಿ. ನಿಲ್ಲದಿದ್ದರೆ ನೀರಿನ ಸಾಲು ಮತ್ತೆ ನಿಲ್ಲಿಸಿ, ಆ ನಟ್ ಮೇಲೆತ್ತಿ, ಗ್ರೀಸ್ ಸವರಿದ ಹತ್ತಿ ನೂಲನ್ನೋ ಹುರಿ ಮಾಡಿದ ಟೆಫ್ಲಾನ್ ಟೇಪನ್ನೋ ಕಡ್ಡಿಗೆ ಬಲಕ್ಕೆ ನಾಲ್ಕೈದು ಸುತ್ತು ಸುತ್ತಿ ಒಳಗೆ ತುಂಬಿ, ನಟ್ ಇಳಿಸಿ. ಹ್ಯಾಂಡಲ್ ತಿರುಗಿಸಲು ಕಷ್ಟವಾಗುವಷ್ಟು ಬಿಗಿ ಮಾಡಬೇಡಿ, ನೀರು ಒಸರುವುದು ನಿಂತ ಕಡೆ ಬಿಟ್ಟುಬಿಡಿ.